ಕೆಲಸ ಹೋದ ಮೇಲೆ ಹೂಡಿಕೆ: ಯಾವುದನ್ನು ಮೊದಲು ಮಾರಬೇಕು, ಎಸ್‌ಐಪಿ ಯಾವಾಗ ನಿಲ್ಲಿಸಬೇಕು

ಸಂಬಳ ನಿಂತ ಮೇಲೆ ಹೂಡಿಕೆಯನ್ನು ಎರಡು ಭಾಗವಾಗಿ ನೋಡಬೇಕು. ಬೆಲೆ ಏರಿಳಿಯದೆ ಬೇಕಾದಾಗ ಕೈಗೆ ಬರುವ ಹಣ ಒಂದು, ಮಾರುಕಟ್ಟೆಯ ಏರಿಳಿತಕ್ಕೆ ಒಳಪಟ್ಟಿರುವ ಹಣ ಇನ್ನೊಂದು. ಇವೆರಡನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕೆಂಬುದನ್ನು ಒಂದೇ ಕುಟುಂಬದ ಲೆಕ್ಕದ ಮೂಲಕ ಇಲ್ಲಿ ವಿವರಿಸಿದ್ದೇನೆ. ಕುಟುಂಬ ಕಲ್ಪಿತವಾದರೂ ಕೋಲಾರದವರಿಗೆ ಅಪರಿಚಿತವಲ್ಲ.

ನರಸಾಪುರದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದಲ್ಲಿದ್ದ ಉದ್ಯೋಗಿಯೊಬ್ಬರಿಗೆ ಡಿಸೆಂಬರ್ ಕೊನೆಗೆ ಕೆಲಸ ಹೋಯಿತೆಂದುಕೊಳ್ಳೋಣ. ಉಳಿತಾಯ ಖಾತೆಯಲ್ಲಿ 60,000, ಲಿಕ್ವಿಡ್ ಫಂಡ್‌ನಲ್ಲಿ 80,000 ಮತ್ತು ಒಂದೇ ಎಫ್‌ಡಿಯಲ್ಲಿ 1,60,000 ರೂಪಾಯಿ ಇದೆ. ಫ್ಲೆಕ್ಸಿ ಕ್ಯಾಪ್ ಈಕ್ವಿಟಿ ಫಂಡ್‌ನ ಮೌಲ್ಯ 4,20,000. ತಾವು ಬಲ್ಲ ಉದ್ಯಮವೆಂಬ ಧೈರ್ಯದಿಂದ ಕೊಂಡ, ತಮ್ಮದೇ ಕ್ಷೇತ್ರದ ಒಂದು ಕಂಪನಿಯ ಷೇರುಗಳ ಮೌಲ್ಯ 90,000, ಕೊಂಡದ್ದು 1,30,000ಕ್ಕೆ. ಪಿಎಫ್ ಖಾತೆಯಲ್ಲಿ 2,80,000 ಇದೆ. ಪ್ರತಿ ತಿಂಗಳು 5ನೇ ತಾರೀಖಿಗೆ ಈಕ್ವಿಟಿ ಫಂಡ್‌ಗೆ ಒಟ್ಟು 8,000 ರೂಪಾಯಿಯ ಎಸ್‌ಐಪಿ ಕಂತು ಕಡಿತವಾಗುತ್ತದೆ.

ಮೊದಲ ಕೆಲಸ ತಿಂಗಳ ಖರ್ಚನ್ನು ಹೊಸದಾಗಿ ಬರೆಯುವುದು. ಬಾಡಿಗೆ, ದಿನಸಿ, ಶಾಲೆಯ ಶುಲ್ಕ, ಬೈಕ್ ಸಾಲದ ಕಂತು ಎಲ್ಲವನ್ನೂ ಬಿಗಿ ಹಿಡಿದರೆ 30,000 ಬೇಕು. ಇದರಲ್ಲಿ ಆರೋಗ್ಯ ವಿಮೆಯ ಕಂತು ಸೇರಿರಲೇಬೇಕು, ಏಕೆಂದರೆ ಕಂಪನಿ ಕೊಟ್ಟಿದ್ದ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ಊರಲ್ಲಿ ತಂದೆಯವರು ಬೆಳೆದ ಟೊಮೆಟೊ ಕೋಲಾರದ ಎಪಿಎಂಸಿಯಲ್ಲಿ ಒಳ್ಳೆಯ ದರಕ್ಕೆ ಹೋದೀತೆಂಬ ನಿರೀಕ್ಷೆಯನ್ನು ಆದಾಯದ ಕಡೆ ಬರೆಯಬಾರದು. ಬಂದರೆ ಬಂದಾಗ ಸೇರಿಸಿಕೊಂಡರಾಯಿತು.

ಈಗ ಎಸ್‌ಐಪಿಯ ಪ್ರಶ್ನೆ. ಏನೇ ಆದರೂ ಎಸ್‌ಐಪಿ ನಿಲ್ಲಿಸಬಾರದೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಅದು ಸಂಬಳ ಬರುತ್ತಿರುವಾಗ, ಮಾರುಕಟ್ಟೆ ಕುಸಿಯಿತೆಂದು ಹೆದರಿ ನಿಲ್ಲಿಸುವವರಿಗೆ ಹೇಳಿದ ಮಾತು. ಸಂಬಳವೇ ಇಲ್ಲದಾಗ ಕಂತು ಹೋಗುವುದು ಆಪತ್ಕಾಲದ ಹಣದಿಂದ. ಅಂದರೆ ಅಲ್ಲಿ ಹೊಸ ಉಳಿತಾಯವೇನೂ ಆಗುತ್ತಿಲ್ಲ, ಸುರಕ್ಷಿತ ಹಣ ಅಪಾಯದ ಕಡೆಗೆ ಸರಿಯುತ್ತಿದೆ ಅಷ್ಟೆ. ನಮ್ಮ ಉದಾಹರಣೆಯಲ್ಲಿ ಉಳಿತಾಯ ಖಾತೆ, ಲಿಕ್ವಿಡ್ ಫಂಡ್ ಮತ್ತು ಎಫ್‌ಡಿ ಸೇರಿ ಸುರಕ್ಷಿತ ಹಣ 3,00,000. ತಿಂಗಳಿಗೆ 30,000ದಂತೆ ಅದು ಹತ್ತು ತಿಂಗಳು ಬರುತ್ತದೆ, ಎಸ್‌ಐಪಿ ಸೇರಿ 38,000 ಆದರೆ ಎಂಟು ತಿಂಗಳು ತುಂಬುವ ಮೊದಲೇ ಮುಗಿಯುತ್ತದೆ.

ಆದ್ದರಿಂದ ಕೆಲಸ ಹೋಗುವ ಸೂಚನಾ ಪತ್ರ ಕೈಗೆ ಬಂದಾಗಲೇ, ಕೊನೆಯ ಸಂಬಳಕ್ಕೆ ಕಾಯದೆ, ಎಸ್‌ಐಪಿ ತಡೆಹಿಡಿಯುವ ಕೋರಿಕೆಯನ್ನು ಸಲ್ಲಿಸಬೇಕು. ಕಂತಿನ ದಿನಕ್ಕೆ ವಾರಕ್ಕೂ ಹೆಚ್ಚು ಮೊದಲೇ ಸಲ್ಲಿಸುವುದು ಲೇಸು, ಇಲ್ಲದಿದ್ದರೆ ಆ ತಿಂಗಳ ಕಂತು ಹೋಗಿಬಿಡಬಹುದು. ಅನೇಕ ಫಂಡ್ ಸಂಸ್ಥೆಗಳಲ್ಲಿ ತಾತ್ಕಾಲಿಕ ತಡೆ ಕೆಲವೇ ತಿಂಗಳಿಗೆ ಸೀಮಿತವಾಗಿರುತ್ತದೆ. ಅವಧಿ ಮುಗಿದೊಡನೆ ಕಡಿತ ತಾನಾಗಿಯೇ ಶುರುವಾಗುವುದರಿಂದ, ಕೆಲಸ ಯಾವಾಗ ಸಿಗುತ್ತದೆಂದು ತಿಳಿಯದವರು ಪೂರ್ತಿ ರದ್ದು ಮಾಡುವುದೇ ಸರಿ. ಎಸ್‌ಐಪಿ ರದ್ದಾದರೂ ಈಗಾಗಲೇ ಇರುವ ಯೂನಿಟ್‌ಗಳು ಹಾಗೆಯೇ ಉಳಿಯುತ್ತವೆ. ಖಾತೆ ಖಾಲಿ ಬಿಟ್ಟರೆ ತಾನೇ ನಿಲ್ಲುತ್ತದೆಂದು ಸುಮ್ಮನಿರುವುದು ದುಬಾರಿ: ಫಂಡ್ ಸಂಸ್ಥೆ ದಂಡ ಹಾಕದಿದ್ದರೂ, ಪ್ರತಿ ಬಾರಿ ಕಂತು ವಾಪಸಾದಾಗ ಬ್ಯಾಂಕ್ ತನ್ನ ಶುಲ್ಕವನ್ನು ವಸೂಲು ಮಾಡುತ್ತದೆ.

ಮಾರಾಟದ ಕ್ರಮದಲ್ಲಿ ನನ್ನ ಅಭಿಪ್ರಾಯದಂತೆ ಮೊದಲು ಹೋಗಬೇಕಾದದ್ದು ಆ ಒಂದೇ ಕಂಪನಿಯ ಷೇರು. ಕೆಲಸ ಕಿತ್ತುಕೊಂಡ ಉದ್ಯಮವೇ ಷೇರಿನ ಬೆಲೆಯನ್ನೂ ಇಳಿಸಬಲ್ಲದು. ಸಂಬಳ ಮತ್ತು ಉಳಿತಾಯ ಎರಡೂ ಒಂದೇ ಕಂಬಕ್ಕೆ ಆತುಕೊಂಡಿರುವುದು ಈ ಹೊತ್ತಿನಲ್ಲಿ ಸಲ್ಲದು. 40,000 ನಷ್ಟವಾಗಿದೆ, ಕೊಂಡ ಬೆಲೆ ಬರಲಿ ಎಂದು ಕಾಯುವವರೇ ಹೆಚ್ಚು. ಆದರೆ ಕೊಂಡ ಬೆಲೆ ನಮಗೆ ಮಾತ್ರ ನೆನಪಿರುವ ಸಂಖ್ಯೆ, ಮಾರುಕಟ್ಟೆಗೆ ಅದರ ಹಂಗಿಲ್ಲ. ಇಂದು 90,000 ನಗದು ಕೈಯಲ್ಲಿದ್ದರೆ ಇದೇ ಷೇರನ್ನು ಕೊಳ್ಳುತ್ತಿದ್ದೆನೇ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ಷೇರು ಮಾರಿದ ಹಣ ಸೇರಿದರೆ ಸುರಕ್ಷಿತ ಭಾಗ 3,90,000, ಅಂದರೆ ಹದಿಮೂರು ತಿಂಗಳ ಖರ್ಚು. ಇದರೊಳಗೂ ಒಂದು ಕ್ರಮವಿದೆ. ಉಳಿತಾಯ ಖಾತೆ, ಷೇರಿನ ಹಣ, ಲಿಕ್ವಿಡ್ ಫಂಡ್, ಕೊನೆಗೆ ಎಫ್‌ಡಿ. ಒಂದೇ ದೊಡ್ಡ ಎಫ್‌ಡಿಯನ್ನು 30,000ಕ್ಕಾಗಿ ಅವಧಿಗೆ ಮುನ್ನ ಮುರಿಸಿದರೆ, ಭಾಗಶಃ ಹಿಂಪಡೆಯಲು ಅವಕಾಶವಿಲ್ಲದ ಬ್ಯಾಂಕಿನಲ್ಲಿ ಪೂರ್ತಿ ಮೊತ್ತದ ಬಡ್ಡಿಯೇ ತಗ್ಗುತ್ತದೆ. ಮೊದಲ ಮೂರು ಮೂಲಗಳಿಂದಲೇ 2,30,000 ದೊರೆಯುವುದರಿಂದ ಜುಲೈ ಕೊನೆಯವರೆಗೆ ಎಫ್‌ಡಿಯನ್ನು ಮುಟ್ಟಬೇಕಾಗಿಲ್ಲ.

ಹೆಚ್ಚಿನವರು ಎಡವುವುದು ಇದರ ನಂತರ. ಸುರಕ್ಷಿತ ಹಣವೆಲ್ಲ ತೀರಿದ ಮೇಲೆ ಈಕ್ವಿಟಿ ಫಂಡ್ ಮಾರೋಣವೆಂದರೆ, ಮಾರುವ ದಿನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗೆ ಉಳಿದಿರುವುದಿಲ್ಲ. 2020ರ ಜನವರಿಯಲ್ಲಿ 12,362ರಲ್ಲಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಇಳಿಯಿತು, ಸುಮಾರು ಶೇ 38ರಷ್ಟು ಕುಸಿತ. ಕೆಲಸಗಳು ಹೋಗುತ್ತಿದ್ದುದೂ ಆ ದಿನಗಳಲ್ಲೇ. ಅಂಥ ಕುಸಿತದಲ್ಲಿ ನಮ್ಮ 4,20,000 ಸುಮಾರು 2,60,000 ಆಗುತ್ತದೆ. ಹದಿನಾಲ್ಕು ತಿಂಗಳ ಹಣ ಒಂಬತ್ತು ತಿಂಗಳಿಗೂ ಸಾಲದಾಗುತ್ತದೆ. ಆದಕಾರಣ ಎಫ್‌ಡಿಯೊಂದೇ ಉಳಿದಾಗ, ಅಂದರೆ ಇನ್ನೂ ಐದು ತಿಂಗಳ ಖರ್ಚು ಕೈಯಲ್ಲಿರುವಾಗಲೇ, ಫಂಡ್‌ನಿಂದ 90,000ದಷ್ಟನ್ನು ಮಾರಿ ಮೂರು ತಿಂಗಳ ಖರ್ಚನ್ನು ತುಂಬಿಸಿಕೊಳ್ಳಬೇಕು. ಆ ಹೊತ್ತಿಗೆ ಮಾರುಕಟ್ಟೆ ತೀರಾ ಕುಸಿದಿದ್ದರೆ ಒಂದೊಂದೇ ತಿಂಗಳಿಗೆ ಬೇಕಾದಷ್ಟನ್ನು ಮಾರಬಹುದು, ಅಥವಾ ಎಫ್‌ಡಿಯನ್ನೇ ಸ್ವಲ್ಪ ಬಳಸಿ ಕಾಯಬಹುದು.

ತೆರಿಗೆಯ ಭಯ ಇಲ್ಲಿ ಅನಗತ್ಯ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಈಕ್ವಿಟಿ ಯೂನಿಟ್ ಮತ್ತು ಷೇರುಗಳ ಲಾಭ ಒಂದು ಹಣಕಾಸು ವರ್ಷದಲ್ಲಿ ಒಟ್ಟು 1.25 ಲಕ್ಷ ದಾಟಿದರೆ ಮಾತ್ರ, ದಾಟಿದ ಭಾಗಕ್ಕೆ ಶೇ 12.5 ತೆರಿಗೆ. ಯೂನಿಟ್ ಮಾರುವಾಗ ಮೊದಲು ಕೊಂಡದ್ದೇ ಮೊದಲು ಹೋಗುತ್ತದೆಂಬ ನಿಯಮವಿರುವುದರಿಂದ, ಹಳೆಯ ಯೂನಿಟ್‌ಗಳೇ ಮಾರಾಟವಾಗಿ, ಬೇಗ ಮಾರಿದವರಿಗೆ ಬೀಳುವ ಎಕ್ಸಿಟ್ ಲೋಡ್ ಎಂಬ ಶುಲ್ಕ ಕೂಡ ಸಾಮಾನ್ಯವಾಗಿ ತಗಲುವುದಿಲ್ಲ. 90,000ದಲ್ಲಿ ಅರ್ಧದಷ್ಟು ಲಾಭವೆಂದರೂ 45,000, ತೆರಿಗೆ ಸೊನ್ನೆ. ಷೇರಿನ ನಷ್ಟವನ್ನು ಈ ಲಾಭಕ್ಕೆ ಹೊಂದಿಸಿ ತೆರಿಗೆ ಉಳಿಸಿದೆವೆಂದು ಬೀಗುವುದರಲ್ಲೂ ಅರ್ಥವಿಲ್ಲ, ಕಟ್ಟಬೇಕಾದ ತೆರಿಗೆಯೇ ಇರಲಿಲ್ಲ. ತೆರಿಗೆ ಉಳಿಸಲು ಕೊಳ್ಳುವ ಇಎಲ್‌ಎಸ್‌ಎಸ್ ಫಂಡ್ ಇರುವವರು ಪ್ರತಿ ಕಂತಿಗೂ ಪ್ರತ್ಯೇಕವಾಗಿ ಮೂರು ವರ್ಷದ ನಿರ್ಬಂಧವಿದೆ ಎಂಬುದನ್ನು ಗಮನಿಸಬೇಕು. ಹೇಳಿಕೆಯಲ್ಲಿ ಕಾಣುವ ಪೂರ್ತಿ ಮೊತ್ತ ಕೈಗೆ ಬರುವಂಥದ್ದಲ್ಲ.

ಪಿಎಫ್ ಹಣ ಎಲ್ಲಕ್ಕಿಂತ ಕೊನೆ. ಕೊಡುಗೆ ನಿಂತರೂ ಅದಕ್ಕೆ ಬಡ್ಡಿ ಬರುತ್ತಿರುತ್ತದೆ, ಮತ್ತು ಒಟ್ಟು ಸೇವೆ ಐದು ವರ್ಷ ತುಂಬಿರದಿದ್ದರೆ ಹಿಂಪಡೆದ ಮೊತ್ತಕ್ಕೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಹೊಸ ಕೆಲಸ ಸಿಕ್ಕರೆ ಹಳೆಯ ಖಾತೆಯನ್ನು ಅಲ್ಲಿಗೆ ವರ್ಗಾಯಿಸಿಕೊಂಡರೆ ಹಿಂದಿನ ಸೇವಾವಧಿಯೂ ಸೇರುತ್ತದೆ.

ಎಸ್‌ಐಪಿಯನ್ನು ಮತ್ತೆ ಆರಂಭಿಸಬೇಕಾದದ್ದು ಹೊಸ ಕೆಲಸದ ಮೊದಲ ಸಂಬಳದ ದಿನವಲ್ಲ. ಪ್ರೊಬೇಷನ್ ಮುಗಿಯುವವರೆಗೆ ಆ 8,000ವನ್ನು ಲಿಕ್ವಿಡ್ ಫಂಡ್‌ಗೇ ಹಾಕುತ್ತಾ ಹೋಗಬೇಕು, ಎಫ್‌ಡಿ ಸೇರಿ ಆರು ತಿಂಗಳ ಖರ್ಚು ಕೂಡಿದ ಮೇಲೆ ಅದೇ ಮೊತ್ತವನ್ನು ಈಕ್ವಿಟಿ ಫಂಡ್‌ನ ಕಡೆಗೆ ತಿರುಗಿಸಬಹುದು.