ಕಡ್ಡಿಯ ಒಳಗಿನ 50□20 145

ಮೊನ್ನೆ ಆನ್‌ಲೈನಿನಲ್ಲಿ ಕನ್ನಡಕದ ಫ್ರೇಮ್ ಹುಡುಕುತ್ತಿದ್ದೆ. ಕನ್ನಡದ ವಿವರದಲ್ಲಿ 'ದೇವಾಲಯದ ಉದ್ದ: 145 ಮಿ.ಮೀ.' ಎಂದಿತ್ತು. ಹೀಗೆ ಓದಿದ್ದು ಇದು ಮೂರನೇ ಸಲ. ಗೇಣುದ್ದವೂ ಇಲ್ಲದ ಗುಡಿಯಲ್ಲಿ ಯಾವ ದೇವರನ್ನು ಕೂರಿಸುತ್ತಾರೋ!

ಕನ್ನಡಕದ ಕಡ್ಡಿಗೆ ಇಂಗ್ಲಿಷಿನಲ್ಲಿ ಟೆಂಪಲ್ ಎನ್ನುತ್ತಾರೆ. ಆದರೆ ಅಲ್ಲಿ ಟೆಂಪಲ್ ಒಂದಲ್ಲ, ಎರಡು. ಗುಡಿಯ ಅರ್ಥದ್ದು ಲ್ಯಾಟಿನ್ನಿನ 'ಟೆಂಪ್ಲಮ್'ನಿಂದ ಬಂದದ್ದು. ಇನ್ನೊಂದು 'ಟೆಂಪಸ್'ನಿಂದ ಬಂದದ್ದು. ಅದರರ್ಥ ಕಣತಲೆ, ತಲೆನೋವು ಬಂದಾಗ ಬೆರಳಿಂದ ಒತ್ತಿಕೊಳ್ಳುತ್ತೇವಲ್ಲ, ಆ ಜಾಗ. 18ನೇ ಶತಮಾನದ ಮೊದಲ ಕಡ್ಡಿ ಕನ್ನಡಕಗಳು ಈಗಿನಂತೆ ಕಿವಿಗೆ ಕೊಂಡಿ ಹಾಕುತ್ತಿರಲಿಲ್ಲ. ಕಡ್ಡಿಯ ತುದಿಯಲ್ಲೊಂದು ಬಳೆ ಇರುತ್ತಿತ್ತು, ಅದು ಕಣತಲೆಯನ್ನು ಒತ್ತಿ ಹಿಡಿಯುತ್ತಿತ್ತು. ಆಮೇಲೆ ಕಡ್ಡಿ ಕಿವಿಯ ಹಿಂದಕ್ಕೆ ಹೋಯಿತು, ಹೆಸರು ಮಾತ್ರ ಅಲ್ಲೇ ಉಳಿಯಿತು. ನಮಗೆ 'ಕಡ್ಡಿ' ಎಂಬ ಒಳ್ಳೆಯ ಮಾತೇ ಇರುವಾಗ ಗುಡಿ ಯಾಕೆ ಬೇಕು?

ಇದೇ 145ನ್ನು ಮುಖದ ಅಗಲ ಎಂದುಕೊಳ್ಳುವವರೂ ಜಾಸ್ತಿ. ಅಲ್ಲ. ಅದು ಕೀಲಿನಿಂದ ತುದಿಯವರೆಗಿನ ಕಡ್ಡಿಯ ಉದ್ದ, ಕಿವಿಯ ಹಿಂದಿನ ಬಾಗೂ ಸೇರಿ. ನೇರ ಸ್ಕೇಲ್ ಇಟ್ಟರೆ ಕಡಿಮೆ ಬರುತ್ತದೆ. ಬಾಗಿನ ಗುಂಟ ದಾರ ಹಿಡಿದು ಅಳೆಯಿರಿ.

ಕಡ್ಡಿಯ ಒಳಬದಿಯಲ್ಲಿ 50□20 145 ಎಂದು ಬರೆದಿರುತ್ತದಲ್ಲ, ಅದರಲ್ಲಿ ಮೊದಲ ಅಂಕಿ ಒಂದು ಲೆನ್ಸಿನ ಅಗಲ. ಪವರ್ ಅಲ್ಲ ಸ್ವಾಮಿ! ಪಕ್ಕದ ಚೌಕ ಸುಮ್ನೆ ಹಾಕಿದ್ದಲ್ಲ. ಲೆನ್ಸಿನ ನಾಲ್ಕೂ ಅಂಚಿಗೆ ತಾಗುವಂತೆ ಒಂದು ಪೆಟ್ಟಿಗೆ ಬರೆದರೆ ಅದರ ಅಗಲ ಎಷ್ಟೋ ಅಷ್ಟು ಎಂದು ಅದು ಹೇಳುತ್ತದೆ. ಎರಡನೆಯದು ಬ್ರಿಡ್ಜ್, ಅಂದರೆ ಮೂಗಿನ ಮೇಲೆ ಎರಡು ಲೆನ್ಸುಗಳ ನಡುವಿನ ಅತಿ ಕಡಿಮೆ ಅಂತರ. ಲೋಹದ ಫ್ರೇಮಿನಲ್ಲಿ ಮೂಗಿನ ಪ್ಯಾಡ್ ಬಗ್ಗಿಸಿ ಒಂದಿಷ್ಟು ಸರಿಮಾಡಬಹುದು. ಪ್ಯಾಡ್ ಇಲ್ಲದ ಪ್ಲಾಸ್ಟಿಕ್ಕಿನದರಲ್ಲಿ ಆ ಅಂಕಿಯೇ ಗತಿ.

ನನ್ನ ಹಳೆಯದು 50□20. ಒಬ್ಬ ಅಂಗಡಿಯವರು 54□16 ತೋರಿಸಿ, "ಎರಡೂ ಕೂಡಿದ್ರೆ 70ಏ ಸಾರ್, ಒಂದೇ" ಅಂದರು. ಒಂದೇ ಹೇಗಾಗುತ್ತದೆ? ಆ 70 ಎರಡು ಲೆನ್ಸುಗಳ ನಡುಮಧ್ಯಗಳ ಅಂತರ. ನನ್ನ ಕಣ್ಣಿನ ಪಾಪೆಗಳ ಅಂತರ 62. ಹಾಗಾಗಿ ಎರಡರಲ್ಲೂ ಪವರಿನ ಕೇಂದ್ರವನ್ನು ಮೂಗಿನ ಕಡೆಗೆ ತಲಾ 4 ಮಿ.ಮೀ. ಸರಿಸಬೇಕು. ಇಲ್ಲಿಯವರೆಗೆ ಅವರ ಮಾತು ಸರಿ. ಆದರೆ ಆ ಕೇಂದ್ರದಿಂದ ಹೊರ ಅಂಚಿಗೆ ಹಳೆಯದರಲ್ಲಿ 25 ಮತ್ತು 4, ಒಟ್ಟು 29. ಹೊಸದರಲ್ಲಿ 27 ಮತ್ತು 4, ಒಟ್ಟು 31. ನನ್ನದು ಮೈನಸ್ ಪವರ್, ಕೇಂದ್ರದಿಂದ ದೂರ ಹೋದಷ್ಟೂ ಗಾಜು ದಪ್ಪ. ಸಾಲದ್ದಕ್ಕೆ, 20ಕ್ಕೆ ಹೊಂದಿದ ನನ್ನ ಮೂಗಿಗೆ ಆ 16ರ ಪ್ಲಾಸ್ಟಿಕ್ ಬ್ರಿಡ್ಜ್ ಇಳಿಯಲೇ ಇಲ್ಲ, ಮೇಲೆಯೇ ಕಚ್ಚಿಕೊಂಡು ನಿಂತಿತು.