ಪೆನಾಲ್ಟಿ ಶೂಟೌಟ್‌ಗೆ ರೇಡಿಯೋ ಕಾಮೆಂಟ್ರಿ ಮೊದಲ ಬರ್ಕೊಂಡು ಹೋಗಬಹುದೇನ್ರಿ?

ಓದುಗರ ಪ್ರಶ್ನೆ: ಸರ, ನಾನು ಧಾರವಾಡದಾಗ ಡಿಗ್ರಿ ಓದಾಕತ್ತೀನ್ರಿ. ನಮ್ಮ ಕಾಲೇಜಿನ ರೇಡಿಯೋದಾಗ ಹೈಸ್ಕೂಲ್ ಹುಡುಗ್ರ ಫುಟ್‌ಬಾಲ್ ಫೈನಲ್‌ಗೆ ಕಾಮೆಂಟ್ರಿ ಹೇಳೂದೈತಿ. ಮ್ಯಾಚ್ ಹೆಂಗರ ಸಂಭಾಳಸ್ತೀನಿ, ಆದ್ರ ಪೆನಾಲ್ಟಿ ಶೂಟೌಟ್ ಬಂತಂದ್ರ ಬಾಯಿ ಕಟ್ಟಿದಂಗ ಆಗತೈತಿ ಅಂತ ಅಂಜಿಕಿ. ಮೊದಲ ಸ್ಕ್ರಿಪ್ಟ್ ಬರ್ಕೊಂಡು ಹೋದ್ರ ನಡಿತೈತೇನ್ರಿ?

ನಡಿತೈತಿ, ಆದ್ರ ಅರ್ಧ ಅಷ್ಟ. ಯಾವ ಅರ್ಧ ಬರೀಬೇಕು, ಯಾವ ಅರ್ಧ ಬಿಡಬೇಕು ಅನ್ನೂದು ತಿಳದ್ರ ಬಾಯಿ ಕಟ್ಟೂದಿಲ್ಲ.

ಮೊದಲ ಟೈಮಿನ ಲೆಕ್ಕ ನೋಡ್ರಿ. ಶೂಟೌಟ್‌ನಾಗ ಕಿಕ್ ಹೊಡಿಯೋ ಹುಡುಗನ್ನ, ಎರಡೂ ಟೀಮಿನ ಕೀಪರ್‌ಗಳನ್ನ ಬಿಟ್ಟು ಉಳದ ಆಟಗಾರ್ರೆಲ್ಲಾ ನಡುವಿನ ರೌಂಡ್ ಒಳಗ ನಿಂತಿರ್ತಾರ. ಅಲ್ಲಿಂದ ಒಬ್ಬ ಹುಡುಗ ಎದ್ದು ಪೆನಾಲ್ಟಿ ಸ್ಪಾಟಿಗೆ ನಡಕೊಂಡು ಬರಬೇಕು, ದೊಡ್ಡ ಮೈದಾನ ಆದ್ರ ಮೂವತ್ತೈದು-ನಲವತ್ತು ಮೀಟರ್ ಆಗತೈತಿ, ಅಂದ್ರ ಇಪ್ಪತ್ತು-ಮೂವತ್ತು ಸೆಕೆಂಡ್. ಆ ನಡಿಗಿನ ನಿಮ್ಮ ಜಾಗ, ಅಲ್ಲಿ ಏನೇನ್ ಹೇಳ್ಬೇಕೋ ಎಲ್ಲಾ ಹೇಳಿ ಮುಗಿಸ್ರಿ. ಆಮ್ಯಾಗ ಸ್ಪಾಟಿನಿಂದ ಗೋಲ್ ಲೈನಿಗೆ ಬರೇ 11 ಮೀಟರ್. ಹುಡುಗ ಗಟ್ಟಿ ಒದ್ದಾ ಅಂದ್ರ ಬಾಲ್ ಅರ್ಧ ಸೆಕೆಂಡಿನಾಗ ಅಲ್ಲಿರ್ತೈತಿ. ಅಷ್ಟರಾಗ ವಾಕ್ಯ ಹೋಗೂದಿಲ್ಲ, ಒಂದ ಶಬ್ದ ಹೋಗತೈತಿ. ಅದಕ್ಕ ಸೀಟಿ ಊದಿದ ಮ್ಯಾಲೆ ನೀವು "ಓಡಿ ಬಂದಾ... ಹೊಡದಾ..." ಅಂದು ಸುಮ್ಮನಾಗ್ರಿ, ಮುಂದಿಂದು ಜನಾನ ಹೇಳ್ತಾರ. ಮೈದಾನದ ಗದ್ದಲ ಮೈಕಿನಾಗ ಒಂದೆರಡು ಸೆಕೆಂಡ್ ಬರ್ಲಿ ಬಿಡ್ರಿ, ಕೇಳಾವ್ರಿಗೆ ಆ ಕೂಗಿನಾಗ ಗೋಲು ಆತೋ ಇಲ್ಲೋ ಅರ್ಧ ತಿಳದಿರ್ತೈತಿ, ಆಮ್ಯಾಗ ನೀವು ಬಾಯಿ ತಗೀರಿ.

ಹಂಗಾಗಿ ನಡಿಗಿ ಹೊತ್ತಿನ್ಯಾಗ ಹೇಳೂ ಮಾತು ಮೊದಲ ಬರ್ಕೊಬಹುದು, ಹೊಡದ ಮ್ಯಾಲಿಂದು ಬರ್ಕೊಬ್ಯಾಡ್ರಿ. ಬರ್ಕೊಂಡ್ ಹೋದ್ರ "ಏನ್ ಅದ್ಭುತ ಗೋಲು" ಅಂತ ಪ್ರತಿ ಸಲ ಅದ ಪದ ಬರತೈತಿ, ಮೂರನೇ ಕಿಕ್ಕಿಗೆ ಕೇಳಾವ ರೇಡಿಯೋ ಸಣ್ಣ ಮಾಡ್ತಾನ.

ಇನ್ನ ಮುಖ್ಯ ಸಂಗತಿ, ಲೆಕ್ಕ. ಟಿವಿಯಾಗ ಮೂಲ್ಯಾಗ ಸಣ್ಣ ಸಣ್ಣ ಚುಕ್ಕಿ ತೋರಸ್ತಾರ, ಹಸರು ಅಂದ್ರ ಗೋಲು, ಕೆಂಪು ಅಂದ್ರ ಇಲ್ಲ. ರೇಡಿಯೋದಾಗ ಆ ಚುಕ್ಕಿ ನೀವ ಆಗಬೇಕು. ನೋಟ್‌ಬುಕ್ಕಿನ್ಯಾಗ ಎರಡು ಸಾಲು ಹಾಕ್ರಿ, ಸಾಲಿಗೆ ಐದೈದು ಮನಿ, ಮುಂದ ಒಂದ್ ನಾಲ್ಕು ಮನಿ ಜಾಸ್ತಿ ಬಿಡ್ರಿ ಸಡನ್ ಡೆತ್‌ಗೆ. ಯಾವ ಟೀಮ್ ಮೊದಲ ಹೊಡಿತೈತೋ ಅದು ಮ್ಯಾಲಿನ ಸಾಲು. ಗೋಲಾದ್ರ ಟಿಕ್, ತಪ್ಪಿದ್ರ ಸೊನ್ನಿ. ಪ್ರತಿ ಕಿಕ್ ಆದ ಮ್ಯಾಲೆ ಮೂರ ಮಾತು ಹೇಳಬೇಕು: ಸ್ಕೋರ್ ಎಷ್ಟು, ಯಾರ್ದು ಎಷ್ಟು ಕಿಕ್ ಉಳದಾವು, ಈಗ ಬರೋ ಕಿಕ್ಕಿಗೆ ಏನಾದ್ರ ಏನಾಗತೈತಿ. ಮೂರನೇದ್ದು ಎಲ್ಲಾರೂ ಮರೀತಾರ, ಆದ್ರ ಟೆನ್ಶನ್ ಇರೂದ ಅದ್ರಾಗ. "ನೀಲಿ ಟೀಮಿನ ಐದನೇ ಹುಡುಗ ಬರಾಕತ್ತಾನ" ಅಂದ್ರ ಅದು ಬರೇ ಸುದ್ದಿ. "ಈ ಹುಡುಗ ತಪ್ಪಿಸಿದಾ ಅಂದ್ರ ಮ್ಯಾಚ್ ಇಲ್ಲೇ ಮುಗೀತು" ಅಂದ್ರ ಅಡಗಿ ಮನಿಯಾಗ ರೊಟ್ಟಿ ಬಡಿಯಾಕತ್ತಾವ್ರೂ ಕೈ ನಿಲ್ಲಸ್ತಾರ.

ಐದೂ ಕಿಕ್ ಪೂರ್ತಿ ಆಗಬೇಕಂತೇನಿಲ್ಲ ಅನ್ನೂದೂ ನೆನಪಿರ್ಲಿ. ಹಿಂದ ಬಿದ್ದ ಟೀಮು ಉಳದ ಕಿಕ್ ಎಲ್ಲಾ ಗೋಲ್ ಹೊಡದ್ರೂ ಮುಟ್ಟಾಕ ಆಗೂದಿಲ್ಲ ಅಂದ್ರ ಅಲ್ಲಿಗೆ ನಿಲ್ಲಸ್ತಾರ. ಇಬ್ಬರ್ದೂ ನಾಲ್ಕು ನಾಲ್ಕು ಆಗಿ 4-2 ಐತಿ ಅಂದ್ರ ಮುಗೀತು, ಯಾಕಂದ್ರ ಹಿಂದಿನವ್ರಿಗೆ ಉಳದಿದ್ದು ಒಂದ ಕಿಕ್. ಕೆಲವು ಸಾಲಿ ಟೂರ್ನಮೆಂಟಿನ್ಯಾಗ ಐದರ ಬದ್ಲಿ ಮೂರ ಕಿಕ್ ಇಡ್ತಾರ, ಅದನ್ನ ಮ್ಯಾಚ್ ಶುರು ಆಗೂಕಿಂತ ಮೊದಲ ರೆಫ್ರಿ ಹತ್ರ ಹೋಗಿ ಕೇಳ್ಕೊಂಡು ಬರ್ರಿ.

ಎಡ ಬಲದ್ದು ಒಂದು ತಕರಾರೈತಿ. "ಬಲಕ್ಕ ಹೊಡದಾ" ಅಂದ್ರಿ, ಯಾರ ಬಲಕ್ಕ? ಹೊಡಿಯೋನ ಬಲ ಅಂದ್ರ ಕೀಪರಿನ ಎಡ. ಕೇಳಾವಂಗ ಗೊಂದಲ. ನಾ ಮಾಡೂದು ಹಿಂಗ, ಎರಡೂ ಗೋಲ್ ಕಂಬಕ್ಕ ಹೆಸರು ಇಡ್ತೀನಿ. ಒಂದು ಬೇವಿನ ಗಿಡದ ಕಡೆ ಕಂಬ, ಇನ್ನೊಂದು ಪೆಂಡಾಲ್ ಕಡೆ ಕಂಬ. ಶೂಟೌಟ್ ಶುರು ಆಗೂ ಮುಂದ ಒಮ್ಮೆ ಹೇಳಿ ಬಿಟ್ರ ಆತು, ಆಮ್ಯಾಗ ಕೇಳಾವ ಕಣ್ಣು ಮುಚ್ಚಿದ್ರೂ ಗೋಲ್ ಪೋಸ್ಟ್ ಕಾಣತೈತಿ. ಎಲ್ಲಾ ಕಿಕ್ಕೂ ಒಂದ ಗೋಲಿಗೆ ಹೊಡಿತಾರ, ಹಂಗಾಗಿ ಹೆಸರು ಬದ್ಲಿ ಮಾಡೋ ಜರೂರತ್ತಿಲ್ಲ.

ಈಗ ಸ್ಕ್ರಿಪ್ಟ್ ನೋಡೂಣು. ಹುಬ್ಬಳ್ಳಿ ನೆಹರೂ ಮೈದಾನದಾಗ ಫೈನಲ್ ಅಂತ ಇಟ್ಕೊಳ್ರಿ, ಕೆಂಪು ಅಂಗಿ ಟೀಮು, ನೀಲಿ ಅಂಗಿ ಟೀಮು, ಮ್ಯಾಚ್ 1-1. ಹೆಸರಿನ ಬದ್ಲಿ ಇಲ್ಲಿ ಅಂಗಿ ನಂಬರ್ ಬರದೀನಿ, ನೀವು ಮೈದಾನದಾಗ ಹುಡುಗನ ಹೆಸರ ಹೇಳ್ರಿ, ಲಿಸ್ಟ್ ಪಿ.ಟಿ. ಮಾಸ್ತರ ಕಡೆ ಇರತೈತಿ. ಶುರುವಿಗೆ:

"ಕೇಳುಗರೇ, ಸೀಟಿ ಊದಿದ್ರು, ಒಂದು ಒಂದು, ಸಮ ಸಮ. ಕಪ್ ಯಾರ ಸಾಲಿಗೆ ಹೋಗತೈತಿ ಅನ್ನೂದು ಈಗ ಪೆನಾಲ್ಟಿಯಾಗ. ಟಾಸ್ ಗೆದ್ದ ಕೆಂಪು ಅಂಗಿಯವ್ರು ಮೊದಲ ಹೊಡಿತೀವಿ ಅಂದಾರ. ರಸ್ತೆ ಕಡೆ ಗೋಲಿಗೆ ಕಿಕ್. ನಿಮ್ಮ ಕಣ್ಣಿಗೆ ಕಟ್ಟೂ ಹಂಗ ಹೇಳ್ತೀನಿ, ಎಡಗಡೆ ಬೇವಿನ ಗಿಡ, ಬಲಗಡೆ ಪೆಂಡಾಲು. ಸಾಲಿಗೆ ಐದೈದು ಕಿಕ್."

ಮೊದಲಿನ ಕಿಕ್ ಲಗೂನ ಹೇಳಿ ಮುಗಿಸ್ರಿ, ಎಲ್ಲಾ ಕಿಕ್ಕಿಗೂ ಒಂದ ಎತ್ತರದ ದನಿ ಹಾಕಿದ್ರ ಕೊನಿಗೆ ಏರಸಾಕ ದನಿನ ಉಳಿಯೂದಿಲ್ಲ. ನಮ್ಮ ಮ್ಯಾಚಿನ್ಯಾಗ ಮೊದಲನೇದ್ದು ಇಬ್ಬರ್ದೂ ಗೋಲು. ಎರಡನೇದ್ದು ಕೆಂಪಿಂದು ಕೀಪರ್ ತಡದಾ, ನೀಲಿ ಗೋಲು. ಮೂರನೇದ್ದು ಕೆಂಪು ಗೋಲು, ನೀಲಿಯವಂದು ಕಂಬಕ್ಕ ಬಡದು ವಾಪಸ್. ನಾಲ್ಕನೇದ್ದು ಇಬ್ಬರೂ ಹೊಡದ್ರು. 3-3. ಕೆಂಪಿನ ಐದನೇದ್ದೂ ಗೋಲು, 4-3. ಇಲ್ಲಿಂದ ನಡಿಗಿ ಶುರು:

"ನಾಲ್ಕು ಮೂರು, ಕೆಂಪು ಮುಂದ. ಕೆಂಪಿನ ಐದೂ ಮುಗದಾವು. ನೀಲಿಗೆ ಒಂದ ಒಂದು ಉಳದೈತಿ. ಹತ್ತನೇ ನಂಬರಿನ ಹುಡುಗ ಬರಾಕತ್ತಾನ, ತಲಿ ಕೆಳಗ ಹಾಕ್ಯಾನ, ಯಾರ ಕಡೆನೂ ನೋಡಾಕತ್ತಿಲ್ಲ. ಇದು ಗೋಲಾದ್ರ ಸಮ, ತಪ್ಪಿದ್ರ ಕಪ್ ಕೆಂಪಿಂದು. ಬಾಲ್ ಇಟ್ಟ. ಎತ್ತಿದ. ಮತ್ತ ಇಟ್ಟ. ನಾಲ್ಕು ಹೆಜ್ಜಿ ಹಿಂದ. ಕೀಪರ್ ಗೆರಿ ಮ್ಯಾಲೆ ಕುಣಿಯಾಕತ್ತಾನ. ಸೀಟಿ... ಓಡಿ ಬಂದಾ... ಹೊಡದಾ..."

ಈಗ ತಪ್ಪು ಆಗೂ ಜಾಗ. ಬಾಲ್ ಹೋಗಿ ಮ್ಯಾಲಿನ ಅಡ್ಡ ಕಂಬಕ್ಕ ಬಡೀತು, ಕೆಳಗ ಬಿತ್ತು, ಬಿದ್ದಿದ್ದು ಹಾರಿ ಮಕಾಡೆ ಬಿದ್ದಿದ್ದ ಕೀಪರಿನ ಬೆನ್ನಿಗೆ ತಾಗಿ ನಿಧಾನಕ್ಕ ಉಳ್ಳಿ ಗೆರಿ ದಾಟಿತು. ಇದು ಗೋಲು. ಹೊಡದಾವ ವಾಪಸ್ ಬಂದ ಬಾಲ್ ಮತ್ತ ಒದೆಯಾಕಿಲ್ಲ, ಆದ್ರ ಬಾಲ್ ಇನ್ನೂ ಉಳ್ಳಾಕತ್ತೈತಿ ಅಂದ್ರ ಆ ಕಿಕ್ ಮುಗದಿಲ್ಲ, ಕಂಬಕ್ಕ ತಾಗಿ ಕೀಪರಿಗೆ ತಾಗಿ ಒಳಗ ಹೋದ್ರೂ ಲೆಕ್ಕಕ್ಕ ಬರತೈತಿ. ನಾ ಒಮ್ಮೆ ಇಂಥದ್ದ ಕಿಕ್ಕಿಗೆ, ಬಾಲ್ ಕಂಬಕ್ಕ ಬಡದ ಸಪ್ಪಳ ಕೇಳಿದ್ದ ತಡ, "ತಪ್ಪಿತು, ಮುಗೀತು, ಕಪ್ ಇವ್ರದ್ದು" ಅಂತ ಕೂಗಿಬಿಟ್ಟೆ. ಎರಡು ಸೆಕೆಂಡಿಗೆ ರೆಫ್ರಿ ನಡುವಿನ ಕಡೆ ಕೈ ತೋರಿಸಿದ್ರು, ಗೋಲು ಅಂತ. ಮನಿಯಾಗ ರೇಡಿಯೋ ಕೇಳ್ಕೋತ ಕುಂತಿದ್ದ ಒಂದು ಸಾಲಿ ಹುಡುಗ್ರ ಅಪ್ಪ ಅವ್ವಗಳು ಪಟಾಕಿ ಹಚ್ಚಿ ಬಿಟ್ಟಿದ್ರಂತ, ಆಮ್ಯಾಗ ಅವರ ಸಾಲಿನ ಸೋತಿತು. ಆ ಸಂಕಟ ನನಗ ಇವತ್ತಿಗೂ ಹೋಗಿಲ್ಲ. ಅವತ್ತಿನಿಂದ ಬಾಲ್ ನಿಲ್ಲೂ ತನಕ "ತಪ್ಪಿತು" ಅನ್ನೂದಿಲ್ಲ, "ಕಂಬಕ್ಕ ಬಡೀತು" ಅಂತೀನಿ, ಅದು ನಿಜಾನ, ಮುಂದ ಏನಾದ್ರೂ ಸುಳ್ಳಾಗೂದಿಲ್ಲ. ಕೀಪರ್ ತಡದಾಗೂ ಹಂಗ. ಕಿಕ್ ಹೊಡಿಯೂ ಹೊತ್ತಿಗೆ ಕೀಪರಿಂದು ಒಂದು ಪಾದದ ಸ್ವಲ್ಪ ಭಾಗ ಆದ್ರೂ ಗೆರಿ ಮ್ಯಾಲೋ, ಗೆರಿ ನೇರಕ್ಕೋ, ಹಿಂದೋ ಇರಬೇಕು, ಮೊದಲ ಮುಂದ ಜಿಗದು ತಡದ್ರ ರೆಫ್ರಿ ಮತ್ತ ಹೊಡಿ ಅಂತಾರ. ಅದಕ್ಕ ತಡದಾ ಅಂದ ಕೂಡ್ಲೆ ನಿಮ್ಮ ಕಣ್ಣು ರೆಫ್ರಿ ಕಡೆ ಹೋಗ್ಬೇಕು, ಕೀಪರ್ ಓಡಿ ಕುಣಿಯೂದರ ಕಡೆ ಅಲ್ಲ.

"...ಅಡ್ಡ ಕಂಬಕ್ಕ ಬಡೀತು! ಕೆಳಗ ಬಿತ್ತು, ಕೀಪರಿನ ಬೆನ್ನಿಗೆ ತಾಗಿತು, ಉಳ್ಳಾಕತ್ತೈತಿ, ಉಳ್ಳಾಕತ್ತೈತಿ... ದಾಟಿತು! ರೆಫ್ರಿ ಗೋಲ್ ಅಂದ್ರು! ನಾಲ್ಕು ನಾಲ್ಕು! ಐದೈದು ಮುಗದು ಇನ್ನೂ ಸಮ!"

ಈಗ ಸಡನ್ ಡೆತ್ ಅಂದ್ರೇನು ಅಂತ ಒಂದ ವಾಕ್ಯದಾಗ ಹೇಳ್ರಿ, ಹಳ್ಳ್ಯಾಗ ಕೇಳಾಕತ್ತ ಅಜ್ಜನಿಗೂ ತಿಳೀಬೇಕು: "ಇನ್ನ ಜೋಡಿ ಲೆಕ್ಕ, ಒಬ್ಬ ಹೊಡದು ಇನ್ನೊಬ್ಬ ತಪ್ಪಿಸಿದಾ ಅಂದ್ರ ಅಲ್ಲಿಗೇ ಫೈಸ್ಲಾ." ಕೆಂಪಿನ ಆರನೇ ಹುಡುಗ ಹೊಡದಾ, 5-4. ನೀಲಿಯಿಂದ ಮೂರನೇ ನಂಬರಿನವ ಬರಾಕತ್ತಾನ. ಇಲ್ಲಿ ಮಾತು ಕಡಿಮಿ ಮಾಡ್ರಿ.

"ಐದು ನಾಲ್ಕು. ಹೊಡೀಲೇಬೇಕು. ಡಿಫೆಂಡರ್ ಹುಡುಗ, ಇವತ್ತು ಇಡೀ ಮ್ಯಾಚ್ ಗೋಲ್ ಕಡೆ ಒಂದು ಸಲಾನೂ ಬಂದಿಲ್ಲ. ಬಾಲ್ ಇಟ್ಟ. ಜನಾ ಎಲ್ಲಾ ಗಪ್ ಆಗ್ಯಾರ. ಸೀಟಿ... ಹೊಡದಾ..."

ಸುಮ್ಮನಿರ್ರಿ. ಗದ್ದಲ ಬರ್ಲಿ. ರೆಫ್ರಿ ನೋಡ್ರಿ.

"...ಗಿಡದ ಕಡೆ! ಕೀಪರ್ ಹಾರಿ ಕೈ ಹಚ್ಚಿದಾ! ಬಾಲ್ ಹೊರಗ! ರೆಫ್ರಿ ಸೀಟಿ ಊದಿದ್ರು, ಕಪ್ ಕೆಂಪು ಅಂಗಿಯವ್ರದ್ದು! ಮ್ಯಾಚ್ ಒಂದು ಒಂದು ಸಮ, ಪೆನಾಲ್ಟಿಯಾಗ ಐದು ನಾಲ್ಕು!"

ಇಲ್ಲೇ ಎರಡು ಹುಷಾರಿ. ಸ್ಕೋರ್ 6-5 ಅಂತ ಕೂಡ್ಸಿ ಹೇಳಬ್ಯಾಡ್ರಿ, ಪೆನಾಲ್ಟಿ ಗೋಲು ಮ್ಯಾಚಿನ ಗೋಲಿಗೆ ಸೇರೂದಿಲ್ಲ, ಮ್ಯಾಚ್ ರಿಕಾರ್ಡಿನ್ಯಾಗ 1-1 ಅಂತನ ಉಳಿತೈತಿ. ಇನ್ನೊಂದು, ಆ ಮೂರನೇ ನಂಬರಿನ ಹುಡುಗ. ಅವನ ಕೈಯಾಗ ಸೋಲು ಹಾಕಬ್ಯಾಡ್ರಿ. "ಅವ ತಪ್ಪಿಸಿದ್ದಕ್ಕ ಸೋತ್ರು" ಅಂದ್ರ ಅವ್ರ ಅವ್ವನೂ ಕೇಳಾಕತ್ತಿರ್ತಾಳ, ನಾಳೆ ಸಾಲ್ಯಾಗ ಅವನ್ನ ಅದ ಹೆಸರಿಂದ ಕರೀತಾರ. "ಕೀಪರ್ ತಡದಾ" ಅಂದ್ರ ಅದೂ ನಿಜಾನ. ಹದಿನಾಲ್ಕು ಹದಿನೈದು ವರ್ಷದ ಹುಡುಗ್ರವ್ರು. ನಮ್ಮ ಮ್ಯಾಚಿನ್ಯಾಗ ನಾ ಮುಂದ ಹೇಳೂದು ಇಷ್ಟ: "ನೀಲಿ ಹುಡುಗ್ರು ನಡುವಿನ ರೌಂಡಿನಿಂದ ಎದ್ದು ಓಡಿ ಬರಾಕತ್ತಾರ, ಮೂರನೇ ನಂಬರಿನವನ್ನ ತಬ್ಕೊಂಡು ನಿಂತಾರ, ಆ ಕಡೆ ಕೆಂಪು ಕೀಪರ್ ಧೂಳು ಮೆತ್ತಿದ ಅಂಗಿಯಾಗ ಇನ್ನೂ ಎದ್ದಿಲ್ಲ, ಅವನ ಮ್ಯಾಲೆ ಹತ್ತು ಮಂದಿ ಬಿದ್ದಾರ."