ಎರಡು ಲಕ್ಷದ ಸಾಲಕ್ಕೆ 9,415 ರೂಪಾಯಿಯ ಕಂತು ಬಂದದ್ದು ಹೇಗೆ?

ಉಡುಪಿಯ ಕಡೆ ಹಳೆಯ ಹಂಚಿನ ಮನೆ ಇರುವವರಿಗೆ ಏಪ್ರಿಲ್ ತಿಂಗಳು ಬಂತೆಂದರೆ ಮಾಡಿನ ಚಿಂತೆ ಶುರುವಾಗುತ್ತದೆ. ನಮ್ಮ ನೆರೆಮನೆಯ ಅಕ್ಕನಿಗೂ ಈ ವರ್ಷ ಪಕ್ಕಾಸು, ರೀಪುಗಳನ್ನು ಪೂರ್ತಿಯಾಗಿ ಬದಲಿಸದೆ ಬೇರೆ ದಾರಿ ಇರಲಿಲ್ಲ. ಎರಡು ಲಕ್ಷ ರೂಪಾಯಿಯ ವೈಯಕ್ತಿಕ ಸಾಲಕ್ಕಾಗಿ ಎರಡು ಕಡೆ ವಿಚಾರಿಸಿ, ಎರಡು ಚೀಟಿಗಳನ್ನು ಹಿಡಿದುಕೊಂಡು ಅವರು ನಮ್ಮಲ್ಲಿಗೆ ಬಂದರು. ಎರಡರಲ್ಲೂ ಬಡ್ಡಿ ಶೇ. 12, ಅವಧಿ 24 ತಿಂಗಳು. ಆದರೆ ಒಂದರಲ್ಲಿ ತಿಂಗಳ ಕಂತು 9,415 ರೂಪಾಯಿ, ಇನ್ನೊಂದರಲ್ಲಿ 10,333 ರೂಪಾಯಿ. “ಬಡ್ಡಿ ಒಂದೇ ಅಲ್ವಾ, ಮತ್ತೆ ಇದು ಹೇಗೆ ಹೆಚ್ಚು ಬಂತು?” ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಪೂರ್ತಿಯಾದ ಉತ್ತರ ಕೊಡಬೇಕಾದರೆ 9,415 ಎಂಬ ಸಂಖ್ಯೆ ಹುಟ್ಟುವ ಬಗೆಯನ್ನೇ ಬಿಡಿಸಿ ನೋಡಬೇಕು.

ಮೊದಲ ಚೀಟಿಯ ಲೆಕ್ಕ, ಬ್ಯಾಂಕಿನವರು ರೆಡ್ಯೂಸಿಂಗ್ ಬ್ಯಾಲೆನ್ಸ್ ಎಂದು ಕರೆಯುವ, ಇಳಿಯುವ ಬಾಕಿಯ ಲೆಕ್ಕ. ಇದರಲ್ಲಿ ಬಡ್ಡಿ ಬೀಳುವುದು ಆಯಾ ತಿಂಗಳು ಉಳಿದಿರುವ ಅಸಲಿನ ಮೇಲೆ ಮಾತ್ರ. ವರ್ಷಕ್ಕೆ ಶೇ. 12 ಎಂದರೆ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಶೇ. 1. ಮೊದಲ ತಿಂಗಳು ಬಾಕಿ ಎರಡು ಲಕ್ಷ ಇರುವುದರಿಂದ ಬಡ್ಡಿ 2,000 ರೂಪಾಯಿ, 9,415ರಲ್ಲಿ ಉಳಿದ 7,415 ರೂಪಾಯಿ ಅಸಲಿಗೆ ಹೋಗುತ್ತದೆ. ಎರಡನೆಯ ತಿಂಗಳಿಗೆ ಬಾಕಿ 1,92,585ಕ್ಕೆ ಇಳಿದಿರುವುದರಿಂದ ಬಡ್ಡಿ 1,925.85 ರೂಪಾಯಿ, ಅಸಲಿಗೆ 7,489.15 ರೂಪಾಯಿ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಗಮನಿಸಬೇಕು, ಏಕೆಂದರೆ ಇಡೀ ಸೂತ್ರ ಇದರಿಂದಲೇ ಹುಟ್ಟುತ್ತದೆ. ಮೊದಲ ತಿಂಗಳು 7,415 ರೂಪಾಯಿ ಅಸಲು ತೀರಿದ್ದರಿಂದ ಎರಡನೆಯ ತಿಂಗಳ ಬಡ್ಡಿಯಲ್ಲಿ ಅದರ ಶೇ. 1, ಅಂದರೆ 74.15 ರೂಪಾಯಿ ಉಳಿಯಿತು. ಕಂತಿನ ಮೊತ್ತ ಬದಲಾಗುವುದಿಲ್ಲವಾದ್ದರಿಂದ ಹೀಗೆ ಉಳಿದ ಹಣ ಸಾಲಗಾರನ ಕೈಗೆ ಮರಳದೆ ಅಸಲಿನ ಪಾಲಿಗೇ ಸೇರುತ್ತದೆ, ಹಾಗಾಗಿ ಎರಡನೆಯ ತಿಂಗಳ ಅಸಲಿನ ಪಾಲು ಮೊದಲನೆಯದರ 1.01 ಪಟ್ಟು. ಮೂರನೆಯದು ಎರಡನೆಯದರ 1.01 ಪಟ್ಟು. ಕೊನೆಯ ಕಂತಿನವರೆಗೂ ಇದೇ ನಿಯಮ. ಹೈಸ್ಕೂಲಿನ ಗಣಿತದಲ್ಲಿ ಕಲಿತ ಗುಣೋತ್ತರ ಶ್ರೇಢಿಯೇ ಇದು.

ಈ 24 ಪಾಲುಗಳನ್ನು ಕೂಡಿದರೆ ಸರಿಯಾಗಿ ಎರಡು ಲಕ್ಷ ಬರಬೇಕು, ಇಲ್ಲವಾದರೆ ಸಾಲ ತೀರಿದಂತಾಗುವುದಿಲ್ಲ. 1.01ನ್ನು ಅದರಿಂದಲೇ ಗುಣಿಸುತ್ತ ಹೋಗಿ 24ನೆಯ ಘಾತಕ್ಕೆ ಏರಿಸಿದರೆ 1.269735 ಬರುತ್ತದೆ. ಅದರಲ್ಲಿ 1ನ್ನು ಕಳೆದು, ಉಳಿದ 0.269735ನ್ನು 0.01ರಿಂದ ಭಾಗಿಸಿದರೆ 26.9735. ಎಂದರೆ ಮೊದಲ ತಿಂಗಳ ಅಸಲಿನ ಪಾಲು ಒಂದು ರೂಪಾಯಿ ಆಗಿದ್ದರೆ 24 ತಿಂಗಳಲ್ಲಿ ಒಟ್ಟು 26.9735 ರೂಪಾಯಿ ಅಸಲು ತೀರುತ್ತಿತ್ತು. ನಮಗೆ ತೀರಬೇಕಾದದ್ದು 2,00,000. ಅದನ್ನು 26.9735ರಿಂದ ಭಾಗಿಸಿದಾಗ ಸಿಗುವ ಸುಮಾರು 7,414.70 ರೂಪಾಯಿಯೇ ಮೊದಲ ತಿಂಗಳ ಅಸಲಿನ ಪಾಲು. ಅದಕ್ಕೆ ಮೊದಲ ತಿಂಗಳ ಬಡ್ಡಿ 2,000 ಸೇರಿಸಿ ಪೂರ್ಣಾಂಕಕ್ಕೆ ತಂದರೆ ಕಂತು 9,415. ಅಸಲನ್ನು P, ತಿಂಗಳ ಬಡ್ಡಿದರವನ್ನು r, ತಿಂಗಳುಗಳನ್ನು n ಎಂದು ಬರೆದರೆ, ಈ ಎರಡು ಭಾಗಗಳು ಒಂದಾಗಿ ಎಲ್ಲೆಡೆ ಕಾಣುವ ಸೂತ್ರವಾಗುತ್ತದೆ:

```
EMI = P × r × (1+r)^n / ((1+r)^n − 1)
```

ಸ್ಪ್ರೆಡ್‌ಶೀಟ್ ಬಳಸುವವರು `=PMT(1%,24,-200000)` ಎಂದು ಬರೆದು ಇದೇ ಉತ್ತರವನ್ನು ಪಡೆಯಬಹುದು. ಬಡ್ಡಿದರದ ಜಾಗದಲ್ಲಿ ವರ್ಷದ 12%ನ್ನೇ ಹಾಕಿಬಿಡುವುದು ಇಲ್ಲಿ ಸುಲಭವಾಗಿ ಆಗುವ ತಪ್ಪು. ಅವಧಿಯನ್ನು ತಿಂಗಳಲ್ಲಿ ಎಣಿಸಿದರೆ ದರವೂ ತಿಂಗಳದ್ದೇ ಆಗಿರಬೇಕು.

ಇನ್ನು ಎರಡನೆಯ ಚೀಟಿ. ಇದು ಫ್ಲಾಟ್ ರೇಟ್ ಲೆಕ್ಕ. ಎರಡು ಲಕ್ಷಕ್ಕೆ ವರ್ಷಕ್ಕೆ 24,000ದಂತೆ ಎರಡು ವರ್ಷಕ್ಕೆ 48,000 ರೂಪಾಯಿ ಬಡ್ಡಿಯನ್ನು ಮೊದಲೇ ಅಸಲಿಗೆ ಸೇರಿಸಿ 24ರಿಂದ ಭಾಗಿಸಿದ್ದಾರೆ. ಒಂದು ವರ್ಷ ಕಟ್ಟಿ ಅಸಲಿನಲ್ಲಿ ಒಂದು ಲಕ್ಷ ತೀರಿಸಿದ ಮೇಲೂ ಪೂರ್ತಿ ಎರಡು ಲಕ್ಷ ಕೈಯಲ್ಲೇ ಇದೆಯೇನೋ ಎಂಬಂತೆ ಬಡ್ಡಿ ತೆಗೆದುಕೊಳ್ಳುವ ವಿಧಾನವಿದು. ಮೊದಲ ಚೀಟಿಯಲ್ಲಿ ಒಟ್ಟು ಬಡ್ಡಿ 25,953 ರೂಪಾಯಿ ಮಾತ್ರ. ಎರಡನೆಯ ಚೀಟಿಯ ಕಂತನ್ನು ಇಳಿಯುವ ಬಾಕಿಯ ಭಾಷೆಗೆ ತಂದರೆ ಅದರ ನಿಜವಾದ ದರ ವರ್ಷಕ್ಕೆ ಸುಮಾರು ಶೇ. 21.6 ಆಗುತ್ತದೆ. ಬಾಯಲ್ಲಿ ಹನ್ನೆರಡು ಎಂದು ಹೇಳಿ ಇಪ್ಪತ್ತೊಂದೂವರೆ ವಸೂಲು ಮಾಡುವ ಈ ಕ್ರಮ ಸಾಲ ಪಡೆಯುವವರಿಗೆ ಅನ್ಯಾಯ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅಕ್ಕನಿಗೆ 9,415 ಕೂಡ ಸ್ವಲ್ಪ ಭಾರವೆನಿಸಿ, ಅವಧಿಯನ್ನು 36 ತಿಂಗಳಿಗೆ ಹೆಚ್ಚಿಸಿದರೆ ಹೇಗೆ ಎಂದು ಕೇಳಿದರು. ಕಂತು 6,643ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಬಡ್ಡಿ ಸುಮಾರು 39,140ಕ್ಕೆ ಏರುತ್ತದೆ. ಅವಧಿ ಒಂದೂವರೆ ಪಟ್ಟಾದರೂ ಕಂತು ಅದೇ ಪ್ರಮಾಣದಲ್ಲಿ ಇಳಿಯದಿರುವುದಕ್ಕೆ ಕಾರಣವಿದೆ: ಮೊದಲ ತಿಂಗಳ 2,000 ರೂಪಾಯಿ ಬಡ್ಡಿ ಅವಧಿ ಎಷ್ಟೇ ಇರಲಿ ಹಾಗೆಯೇ ಉಳಿಯುತ್ತದೆ, ಕಡಿಮೆಯಾಗುವುದು ಅಸಲಿನ ಪಾಲು ಮಾತ್ರ. 24 ತಿಂಗಳ ಸಾಲದಲ್ಲೂ ಬಡ್ಡಿಯ ಹೊರೆ ಮುಂಭಾಗದಲ್ಲೇ ಇರುತ್ತದೆ. ಮೊದಲ ವರ್ಷದಲ್ಲಿ ಸುಮಾರು 18,900 ರೂಪಾಯಿ ಬಡ್ಡಿ, ಎರಡನೆಯ ವರ್ಷದಲ್ಲಿ ಸುಮಾರು 7,000. ಆದ್ದರಿಂದ ಹನ್ನೆರಡು ಕಂತು ಕಟ್ಟಿದ ಮೇಲೂ ಬಾಕಿ ಒಂದು ಲಕ್ಷಕ್ಕೆ ಇಳಿದಿರದೆ 1,05,960ರ ಆಸುಪಾಸಿನಲ್ಲಿರುತ್ತದೆ. ಸಾಲವನ್ನು ನಡುವೆ ಮುಚ್ಚಲು ಹೋದವರು ಬ್ಯಾಂಕಿನವರು ಲೆಕ್ಕ ತಪ್ಪಿಸಿದ್ದಾರೆ ಎಂದುಕೊಳ್ಳುವುದು ಈ ಜಾಗದಲ್ಲೇ. ಲೆಕ್ಕ ತಪ್ಪಿರುವುದಿಲ್ಲ.

ಸೂತ್ರ ಹೇಳದ ಸಂಗತಿಗಳೂ ಇವೆ. ಸಾಲ ಕೊಡುವಾಗಲೇ ಪ್ರೊಸೆಸಿಂಗ್ ಶುಲ್ಕವೆಂದು 4,000 ರೂಪಾಯಿ ಹಿಡಿದುಕೊಂಡರೆ ಕೈಗೆ ಬರುವುದು 1,96,000, ಕಂತು ಮಾತ್ರ ಎರಡು ಲಕ್ಷದ್ದೇ. ಆಗ ನಿಜವಾದ ವಾರ್ಷಿಕ ವೆಚ್ಚ ಶೇ. 14ನ್ನು ದಾಟುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಪತ್ರ ಕೊಡಬೇಕು. ಶುಲ್ಕವನ್ನೂ ಒಳಗೊಂಡ ಈ ವಾರ್ಷಿಕ ದರ ಅದರಲ್ಲಿ ಎಪಿಆರ್ ಎಂಬ ಹೆಸರಿನಲ್ಲಿರುತ್ತದೆ. ಎರಡು ಸಾಲಗಳನ್ನು ಹೋಲಿಸುವಾಗ ನೋಡಬೇಕಾದದ್ದು ಆ ಸಂಖ್ಯೆಯನ್ನು.

ಸಾಲ ಏಪ್ರಿಲ್ 20ಕ್ಕೆ ಕೈಸೇರಿ, ಕಂತಿನ ದಿನ ಪ್ರತಿ ತಿಂಗಳ 5 ಎಂದಾಗಿ, ಮೊದಲ ಕಂತು ಜೂನ್ 5ಕ್ಕೆ ಬಿದ್ದರೆ, ಮೇ 5ರವರೆಗಿನ 15 ದಿನಗಳ ಬಡ್ಡಿಯನ್ನು, ಅಂದರೆ ಸುಮಾರು 986 ರೂಪಾಯಿಯನ್ನು, ಬೇರೆಯಾಗಿ ಪಡೆಯುವ ಪದ್ಧತಿಯೂ ಇದೆ. ಸೂತ್ರದ ಲೆಕ್ಕಕ್ಕೂ ಪಾಸ್‌ಬುಕ್ಕಿಗೂ ಹೊಂದಿಕೆಯಾಗದಿದ್ದರೆ ಮೊದಲು ಇದನ್ನು ಪರಿಶೀಲಿಸಬೇಕು.

ಕಂತಿನ ಪಟ್ಟಿ ಕೈಗೆ ಬಂದಾಗ ನಾವಿಬ್ಬರೂ ಕುಳಿತು ಅಸಲಿನ ಕಾಲಮ್ಮಿನ ಮೊದಲ ಸಂಖ್ಯೆಯನ್ನು 1.01ರಿಂದ ಗುಣಿಸಿ ಎರಡನೆಯದರೊಂದಿಗೆ ಹೋಲಿಸಿ ನೋಡಿದೆವು. ಪೈಸೆಯವರೆಗೂ ಸರಿಹೊಂದಿತು. ಫ್ಲಾಟ್ ಲೆಕ್ಕವನ್ನೇ ಪಟ್ಟಿ ಮಾಡಿದ್ದರೆ ಆ ಕಾಲಮ್ಮಿನಲ್ಲಿ ಪ್ರತಿ ತಿಂಗಳೂ 8,333 ರೂಪಾಯಿ ಎಂದೇ ಇರುತ್ತಿತ್ತು. ಕೊನೆಯ ಸಾಲಿನಲ್ಲಿ ಕಂತು ಎಂಟು ರೂಪಾಯಿ ಕಡಿಮೆ ಇದ್ದುದನ್ನು ಅಕ್ಕ ಬೆರಳಿಟ್ಟು ತೋರಿಸಿದರು. ತಿಂಗಳು ತಿಂಗಳು ಮೂವತ್ತು ಪೈಸೆಯಷ್ಟು ಹೆಚ್ಚು ಕಟ್ಟಿದ್ದು, ಅದು ಉಳಿಸಿದ ಬಡ್ಡಿಯೊಂದಿಗೆ, 24ನೆಯ ತಿಂಗಳಲ್ಲಿ ಅವರಿಗೇ ಮರಳಿತ್ತು.